ಮುರಿಯದ ಆಕ್ಸಲ್

ಬಂಗಾರಪೇಟೆಯ ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತ ಕದಿರಪ್ಪ ಇಪ್ಪತ್ತೆರಡು ವರ್ಷಗಳಿಂದ ಸರಕು ತಡವಾದಾಗಲೆಲ್ಲ ಗಿರಾಕಿಗಳಿಗೆ ಕ್ಷಮಾಪಣೆ ಬರೆಯುತ್ತಿದ್ದಾರೆ. ಮೊದಲು ಕಾಗದ, ಆಮೇಲೆ ಫ್ಯಾಕ್ಸ್, ಈಗ ಇಮೇಲ್. ಕಾರಣ ಮಾತ್ರ ಬದಲಾಗಿಲ್ಲ: ದಾರಿಯಲ್ಲಿ ಲಾರಿಯ ಆಕ್ಸಲ್ ಮುರಿಯಿತು. ಅವರ ಪತ್ರಗಳನ್ನು ನಂಬಿದರೆ ಜಿಲ್ಲೆಯಲ್ಲಿ ನೆಟ್ಟಗಿರುವ ಆಕ್ಸಲ್ ಒಂದೂ ಉಳಿದಿರಬಾರದು.

ಆ ಸೋಮವಾರ ಆಂಡರ್ಸನ್‌ಪೇಟೆಯ ಗಾರ್ಮೆಂಟ್ಸ್ ಕಾರ್ಖಾನೆಗೆ ಮೂವತ್ತು ಹೊಲಿಗೆ ಯಂತ್ರ ತಲುಪಬೇಕಿತ್ತು. ಡ್ರೈವರ್ ಲಾರಿಯ ಕೀ ತಂದು ಮೇಜಿನ ಮೇಲಿಟ್ಟ.

“ಅಮಾಸೆ ದಿನ ಗಾಡಿ ಎತ್ತಾಕಿಲ್ಲಣ್ಣೋ. ಏನಾನ ಆದ್ರೆ ಯಾರ್ ಒಣೆ?”

ಯಂತ್ರಗಳು ಗೋಡೌನಿನಲ್ಲೇ ಉಳಿದವು.

ಮಂಗಳವಾರ ಬೆಳಿಗ್ಗೆ ಮಾಲೀಕರು, “ಆಕ್ಸಲ್ ಅಂತ ಬರೆದ್ಬಿಡಿ ಕದಿರಪ್ಪ” ಎಂದು ಕಾಫಿಗೆ ಹೋದರು. ಕದಿರಪ್ಪನವರಿಗೆ ರೇಗಿತು. ಮುರಿಯದ ಆಕ್ಸಲಿಗೆ ಇನ್ನೆಷ್ಟು ಸಲ ಕ್ಷಮೆ ಕೇಳುವುದು? ಇದ್ದದ್ದನ್ನೇ ಟೈಪ್ ಮಾಡಿದರು: “ಅಮಾವಾಸ್ಯೆಯೆಂದು ಡ್ರೈವರ್ ಲಾರಿ ತೆಗೆಯಲಿಲ್ಲ. ಕ್ಯಾಲೆಂಡರ್ ನೋಡದೆ ದಿನ ಒಪ್ಪಿಕೊಂಡದ್ದು, ನಿಮಗೆ ನಿನ್ನೆಯೇ ತಿಳಿಸದಿದ್ದದ್ದು, ಎರಡೂ ನಮ್ಮ ತಪ್ಪು. ಕ್ಷಮಿಸಿ. ಇಂದು ಹನ್ನೆರಡರೊಳಗೆ ಲಾರಿ ನಿಮ್ಮ ಗೇಟಿನಲ್ಲಿರುತ್ತದೆ. ಇಳಿಸಲು ನಮ್ಮ ಹಮಾಲರೇ ಬರುತ್ತಾರೆ. ಡ್ರೈವರ್ ಫೋನ್ ನಂಬರ್ ಕೆಳಗಿದೆ.”

ಕಳಿಸಿದರು. ಕೆಲಸ ಹೋದರೆ ಹೋಗಲಿ ಎಂದು ಕೂತರು.

ಅರ್ಧ ಗಂಟೆಯಲ್ಲಿ ಕಾರ್ಖಾನೆಯ ಮ್ಯಾನೇಜರ್ ಶಾರದಮ್ಮನವರ ಉತ್ತರ ಬಂತು: “ಇಷ್ಟು ವರ್ಷಕ್ಕೆ ನಿಮ್ಮಿಂದ ನಂಬುವಂಥ ಪತ್ರವೊಂದು ಬಂತು, ಸಂತೋಷ. ಆದರೆ ಇದನ್ನು ಹೆಡ್ಡಾಫೀಸಿಗೆ ಕಳಿಸಲಾರೆ, ಅವರ ಫಾರ್ಮಿನಲ್ಲಿ ಅಮಾವಾಸ್ಯೆಗೆ ಜಾಗವಿಲ್ಲ. ದಯವಿಟ್ಟು ಆಕ್ಸಲ್ ಮುರಿದದ್ದನ್ನೇ ಇನ್ನೊಂದು ಸಲ ಕಳಿಸಿ.”