ಎರಡು ಪೊಟ್ಟಣ ಅಕ್ಕಿ

ಅಕ್ಕಿ ಮಿಲ್ಲುಗಳಿಗೆ ಸಲಹೆ ಕೊಡುವುದು ನನ್ನ ಕಸುಬು. ಹಿಂದೆ ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಎಲ್ಲವೂ ಇತ್ತು: ಜಿಎಸ್‌ಟಿ, ಲೈಸೆನ್ಸು, ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟು, ಮಷಿನ್ ಆಯ್ಕೆ. ದೇವದುರ್ಗದ ಮಾಲೀಕರೊಬ್ಬರು ಅದನ್ನು ಹಿಂದೆ ಮುಂದೆ ತಿರುಗಿಸಿ, "ನೀವು ಏನ್ ಮಾಡಂಗಿಲ್ಲ ಅದನ್ನ ಹೇಳ್ರಿ" ಎಂದರು. ಕೆಲಸ ಸಿಗಲೆಂದು ಫೀ ಅರ್ಧಕ್ಕಿಳಿಸಿದೆ. "ಇಷ್ಟು ಸಸ್ತಾ ಅಂದ್ರ ಮಾಲ್ ಹೆಂಗಿರಬೇಕು" ಎಂದು ನಕ್ಕು, ನನಗಿಂತ ದುಬಾರಿಯ ಹೈದರಾಬಾದಿನವನನ್ನು ಕರೆಸಿಕೊಂಡರು. ಮೈಯೆಲ್ಲ ಉರಿಯಿತು.

ರಾಯಚೂರಿಗೆ ವಾಪಸ್ ಬಂದವನೇ ಹಳೇ ಕಾರ್ಡುಗಳನ್ನು ಹರಿದು ಹಾಕಿದೆ. ಹೊಸದರಲ್ಲಿ ಒಂದೇ ಸಾಲು: ಮಿಲ್ಲಿನಲ್ಲಿ ನುಚ್ಚು ಕಡಿಮೆ ಮಾಡಿಸಿ ಕೊಡುತ್ತೇನೆ. ಭತ್ತದ ತೇವ ನೋಡುವುದು, ಸುಲಿಯುವ ರಬ್ಬರ್ ರೋಲುಗಳ ನಡುವಿನ ಅಂತರ ಸರಿಪಡಿಸುವುದು, ಪಾಲಿಶ್ ಒತ್ತಡ ಇಳಿಸುವುದು, ನನಗೆ ನಿಜವಾಗಿ ಬರುತ್ತಿದ್ದದ್ದು ಅದೇ. ಫೀ ಏರಿಸಿದೆ. ಚೌಕಾಸಿಗೆ ಬಂದವರಿಗೆ, ಬೇಕಾದರೆ ಕೆಲಸ ಕಡಿಮೆ ಮಾಡುತ್ತೇನೆ, ದರ ಮಾತ್ರ ಇಳಿಯದು ಎನ್ನತೊಡಗಿದೆ.

ಆದರೆ ಮಾಡಿದ ಕೆಲಸ ತೋರಿಸುವುದು ಹೇಗೆ? ಫೋಟೊದಲ್ಲಿ ಎಲ್ಲ ಮಷಿನ್ನೂ ಒಂದೇ ತರ. ತನ್ನ ನುಚ್ಚಿನ ಲೆಕ್ಕವನ್ನು ಯಾವ ಮಾಲೀಕನೂ ಹೊರಗೆ ಬಿಡುವುದಿಲ್ಲ. ಆಗ ಹೊಳೆಯಿತು: ನಾನು ನುಚ್ಚು ಇಳಿಸಿಕೊಟ್ಟಿದ್ದ ಕಲ್ಲೂರಿನ ಮಿಲ್ಲಿನ ಅಕ್ಕಿ ಎರಡು ಪೊಟ್ಟಣ. ಒಂದೇ ರಾಶಿಯ ಭತ್ತ, ಒಂದು ನಾನು ಹೋಗುವ ಮುಂಚಿನದು, ಇನ್ನೊಂದು ಆಮೇಲಿನದು. ಮೇಲೆ ಹೆಸರಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎಂದುಕೊಂಡೆ.

ಮಾನ್ವಿಯಲ್ಲಿ ದೊಡ್ಡ ಮಿಲ್ಲಿನ ಮಾಲೀಕರು ಕರೆಸಿದ್ದರು. ಅದೊಂದು ಕೈಹತ್ತಿದರೆ ಸುತ್ತಲ ಮಿಲ್ಲುಗಳೂ ಕರೆಯುತ್ತವೆ, ಕೈತಪ್ಪಿದರೆ ಹೊಸ ಕಾರ್ಡಿಗೂ ಹಳೆಯದರ ಗತಿಯೇ. ನನ್ನ ದರ ಕೇಳಿ ಅವರು ಹುಬ್ಬೂ ಏರಿಸಲಿಲ್ಲ. ಪೊಟ್ಟಣಗಳನ್ನು ತಟ್ಟೆಗೆ ಸುರಿದೆ. ಮೊದಲನೆಯದರಲ್ಲಿ ತುಂಡು ಅಕ್ಕಿ, ಎರಡನೆಯದರಲ್ಲಿ ಕಾಳು ಕಾಳೂ ಇಡಿ.

"ಚಲೋ ಮಾಡೀರಿ" ಎಂದರು. ನನ್ನ ಜೀವ ತಣ್ಣಗಾಯಿತು. ಆಮೇಲೆ ಹಿಡಿ ಅಕ್ಕಿ ಅಂಗೈಯಲ್ಲಿ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿದರು. ದಿನಾ ಅಕ್ಕಿ ಕೊಂಡು ಮಾರುವ ಕೈ ಅದು.

"ಈ ಪಾಲಿಶ್ ಕಲ್ಲೂರಿನ ನಮ್ಮ ಬೀಗರದು. ಅವರನ್ನ ಕೇಳಿ ತಂದೀರೇನ್ರಿ?"

"ಹೆಸರು ಹಾಕಿಲ್ಲಲ್ಲರೀ."

"ಹೆಸರು ಯಾಕ ಬೇಕು, ಅಕ್ಕೀನ ಹೇಳತದ. ನಾಳೆ ನನ್ನ ನುಚ್ಚು ಯಾರ ಮುಂದ ಸುರೀತೀರಿ?"

ಅವರು ಸಿಟ್ಟಾಗಲಿಲ್ಲ, ಚಹಾ ತರಿಸಿದರು, ಅದೇ ಹೆಚ್ಚು ಚುಚ್ಚಿತು. ಪೊಟ್ಟಣಗಳನ್ನು ತಾವೇ ಕಟ್ಟಿ ನನ್ನ ಕೈಗಿಟ್ಟರು.

ಇಷ್ಟು ವರ್ಷ ಹೆಸರು ಊರೂರಿಗೆ ಮುಟ್ಟಲೆಂದು ಒದ್ದಾಡಿದ್ದೆ. ಅವತ್ತು ರಾಯಚೂರಿಗೆ ಮರಳುವ ಬಸ್ಸು ಕಲ್ಲೂರು ದಾಟುವ ಮೊದಲೇ ಕಲ್ಲೂರಿನ ಮಾಲೀಕರ ಫೋನ್ ಬಂತು: "ನಮ್ಮ ಅಕ್ಕಿ ಮಾನ್ವಿ ತನಕ ಒಯ್ದಿದ್ರಂತಲ್ಲ. ಇಲ್ಲೇ ಇಳೀರಿ, ನಿಮ್ಮ ಕಾರ್ಡು ವಾಪಸ್ ಒಯ್ರಿ."