ಕ್ರೋಮ್ ವಿಭಾಗದ ಹಳೆಯ ದಾಖಲೆ

ನಾಸಿಕ್‌ನ ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದಿದೆ. ಅಲ್ಲಿನ ಕಂಪ್ಯೂಟರ್ ವಿಭಾಗದಲ್ಲಿ ನೀಲಾಂಬಿಕಾ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದರು. ಊರು ಭಾಲ್ಕಿ. ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ತಂದೆಗೆ ಕೆಲಸ ಸಿಕ್ಕಾಗ ಹುಡುಗಿಯಾಗಿ ಬಂದವರು, ಇಲ್ಲೇ ಉಳಿದರು. ಮದುವೆಯಾಗಲಿಲ್ಲ. ತಂದೆ ತಾಯಿ ಇಬ್ಬರೂ ಹೋದ ಮೇಲೆ ಸಿಡ್ಕೋ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ ಕನ್ನಡ ಮಾತಾಡುವವರು ಯಾರೂ ಇರಲಿಲ್ಲ. ಐವತ್ತೈದು ದಾಟಿದ್ದ ಅವರು ಕೆಲವು ಸಂಜೆ ರೇಡಿಯೋದಲ್ಲಿ ಮಾತಾಡುವವನಿಗೇ ಉತ್ತರ ಕೊಡುತ್ತಿದ್ದುದುಂಟು.

ಖರೀದಿ, ದಾಸ್ತಾನು, ಬಿಲ್ಲು, ಸಂಬಳ, ಹಾಜರಿ ಎಲ್ಲವೂ ನಡೆಯುವ ಇಆರ್‌ಪಿ ತಂತ್ರಾಂಶದ ದತ್ತಾಂಶ ನೋಡಿಕೊಳ್ಳುವುದು ಅವರ ಕೆಲಸ. ಆ ವರ್ಷ ಅದು ಉಸಿರುಗಟ್ಟಿದಂತಾಗಿತ್ತು. ಒಂದು ಬಿಲ್ಲು ಹೊರಬರಲು ಮೂರು ನಿಮಿಷ ಬೇಕಾಗುತ್ತಿತ್ತು. ಗೇಟಿನಲ್ಲಿ ಲಾರಿಗಳು ಸಾಲುಗಟ್ಟುತ್ತಿದ್ದವು.

ಹೊಸ ಮುಖ್ಯಸ್ಥ ಉತ್ಕರ್ಷ ಸಭೆ ಕರೆದ. ಮೂವತ್ತಾರರ ಚುರುಕು ಮನುಷ್ಯ.

“ಕಾನೂನು ಎಂಟು ವರ್ಷ ಇಡಿ ಅನ್ನುತ್ತೆ. ಅದಕ್ಕಿಂತ ಹಳೆಯದೆಲ್ಲ ಅಳಿಸೋಣ” ಎಂದ. “ಸಂಭಾಜಿನಗರದ ನಮ್ಮ ಮುಚ್ಚಿದ ಘಟಕದಲ್ಲಿರೋ ಹಳೇ ಸರ್ವರ್ ಗುಜರಿಗೆ ಹೋಗಲಿ. ಮುಂದಿನ ತಿಂಗಳು ಆ ಜಾಗ ಮಾರಾಟ ಆಗುತ್ತೆ.”

“ಎಂಟು ವರ್ಷ ಲೆಕ್ಕದ ಪುಸ್ತಕಕ್ಕೆ ಮಾತ್ರ ಸರ್” ಎಂದರು ನೀಲಾಂಬಿಕಾ. “ಜಿಎಸ್‌ಟಿ ದಾಖಲೆಗೆ ಬೇರೆ ಗಡುವು. ಮೇಲ್ಮನವಿ ಇದ್ದರೆ ಅದು ಮುಗಿದು ಒಂದು ವರ್ಷವಾದರೂ ಇಡಬೇಕು. ಕ್ರೋಮ್‌ನಂಥ ವಿಷದ ನಡುವೆ ದುಡಿದವರ ಆರೋಗ್ಯ ದಾಖಲೆಗೆ, ಏನನ್ನು ಎಷ್ಟು ವರ್ಷ ಇಡಬೇಕು ಅನ್ನೋ ನಮ್ಮದೇ ಪಟ್ಟಿಯಲ್ಲಿ ನಲವತ್ತು ವರ್ಷ ಅಂತಿದೆ.”

“ಹತ್ತು ವರ್ಷದಲ್ಲಿ ಅದನ್ನು ಯಾರಾದರೂ ಕೇಳಿದ್ದಾರಾ?”

ನೀಲಾಂಬಿಕಾ ಒಂದು ತಿಂಗಳ ಸಮಯ ಕೇಳಿ ಪಡೆದರು.

ಮೊದಲು ಅವರು ಕಂಪ್ಯೂಟರ್‌ನ ಜಾಗವನ್ನೆಲ್ಲ ತಿನ್ನುತ್ತಿರುವುದು ಯಾವುದು ಎಂದು ಅಳೆದರು. ಕಾರ್ಮಿಕರ ದಾಖಲೆ ನೂರಕ್ಕೆ ಒಂದು ಪಾಲೂ ಇರಲಿಲ್ಲ. ಅರ್ಧದಷ್ಟು ತುಂಬಿದ್ದು ಯಂತ್ರಗಳು ಒಂದಕ್ಕೊಂದು ಕಳಿಸಿದ ಸಂದೇಶಗಳ ಪ್ರತಿ, ಮುದ್ರಣಕ್ಕೆಂದು ಬಂದು ಕೂತ ಕಡತ, ಎಂದೋ ಮುಗಿದ ದಾಸ್ತಾನಿನ ಚಲನವಲನ. ಯಾವ ಕಾನೂನೂ ಬೇಡದ್ದನ್ನು ಅಳಿಸಿದರು. ಲೆಕ್ಕದ ನಮೂದನ್ನು ಯಾರು ಯಾವಾಗ ತಿದ್ದಿದರು ಎನ್ನುವ ದಾಖಲೆಯನ್ನು ಮಾತ್ರ ಮುಟ್ಟಲಿಲ್ಲ. ಅದನ್ನೂ ಲೆಕ್ಕದ ಜೊತೆಗೇ ಇಡಬೇಕು. ಬಾಕಿ ಏನೂ ಉಳಿಯದೆ ಮುಗಿದ ಹಳೆಯ ವ್ಯವಹಾರಗಳನ್ನು ಬೇರೆ ಸಂಗ್ರಹಕ್ಕೆ ಬರೆದು, ಮತ್ತೆ ತೆರೆದು ಓದಿ, ಎಣಿಕೆ ತಾಳೆಯಾದ ಮೇಲಷ್ಟೇ ಮೂಲದಿಂದ ತೆಗೆದರು. ಬೇಕೆಂದವರು ಅಲ್ಲಿ ಓದಬಹುದು, ತಿದ್ದುವಂತಿಲ್ಲ.

ಕಾರ್ಖಾನೆಗೆ ರಜೆಯಿದ್ದ ಮೂರು ದಿನಗಳಲ್ಲಿ ಇದೆಲ್ಲ ನಡೆಯಿತು. ಖಾಲಿ ಕಟ್ಟಡದಲ್ಲಿ ಒಬ್ಬರೇ ಕೂತು ಡಬ್ಬಿಯ ಜೋಳದ ರೊಟ್ಟಿ ತಿಂದರು. ಅಳಿಸಿದ ಮಾತ್ರಕ್ಕೆ ಜಾಗ ತೆರವಾಗುವುದಿಲ್ಲ. ಕೋಷ್ಟಕಗಳನ್ನು ಮರುಜೋಡಿಸಿ, ಹುಡುಕಾಟದ ಸೂಚಿಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಕಾರ್ಖಾನೆ ತೆರೆದ ದಿನ ಬಿಲ್ಲು ಇಪ್ಪತ್ತು ಸೆಕೆಂಡಿನಲ್ಲಿ ಬಂತು. ಉತ್ಕರ್ಷ ಬಂದು ಪರದೆ ನೋಡಿ, “ಮೇಡಂ, ಇದು ಆಗುತ್ತೆ ಅಂದ್ಕೊಂಡಿರಲಿಲ್ಲ” ಎಂದ. ಅವನ ಆ ಖುಷಿಯಲ್ಲೇ ಅವರು, ಗುಜರಿಗೆ ಹೋಗುವ ಮುನ್ನ ಹಳೆಯ ಸರ್ವರ್ ನೋಡಲೆಂದು, ಸಂಭಾಜಿನಗರಕ್ಕೆ ಹೋಗಲು ಒಪ್ಪಿಗೆ ಪಡೆದರು.

ಮುಚ್ಚಿದ ಘಟಕದ ಅಂಗಳದಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ವಯಸ್ಸಾದ ಕಾವಲುಗಾರ ವೈಜನಾಥ ಬೀಗ ತೆಗೆದ. ಹಳೆಯ ಸರ್ವರ್ ಎರಡು ಸಲ ಸದ್ದು ಮಾಡಿ ಸುಮ್ಮನಾಯಿತು, ಮೂರನೆಯ ಸಲ ಹತ್ತಿಕೊಂಡಿತು.

“ಇದರಲ್ಲಿ ಕೆಲಸಗಾರರ ಕಾಗದ ಇದೆಯಾ ಮೇಡಂ?” ವೈಜನಾಥ ಮರಾಠಿಯಲ್ಲಿ ಕೇಳಿದ.

“ಇದೆ. ಯಾಕೆ?”

“ಕ್ರೋಮ್ ವಿಭಾಗದವನೊಬ್ಬ ಎರಡು ಸಲ ಬಂದಿದ್ದ. ಯಲ್ಲಾಲಿಂಗ ಅಂತ. ತನ್ನ ಡಾಕ್ಟರ್ ತಪಾಸಣೆಯ ಕಾಗದ ಬೇಕು ಅಂದ. ನಾನು ನಾಸಿಕ್‌ಗೆ ಫೋನ್ ಮಾಡಿದೆ. ಕಂಪ್ಯೂಟರ್‌ನಲ್ಲಿ ಇಲ್ಲ ಅಂದರು.”

ನೀಲಾಂಬಿಕಾ ಹೆಸರು ಹುಡುಕಿದರು. ಇತ್ತು. ಹನ್ನೊಂದು ವರ್ಷ ಕ್ರೋಮ್ ಲೇಪನದ ತೊಟ್ಟಿಯ ಪಕ್ಕ ಕೆಲಸ. ಐದನೆಯ ವರ್ಷದ ತಪಾಸಣೆಯಲ್ಲಿ ಕಾರ್ಖಾನೆಯ ವೈದ್ಯರು ಬರೆದಿದ್ದರು: ಮೂಗಿನ ಒಳಗೋಡೆಯಲ್ಲಿ ಹುಣ್ಣು, ಬೇರೆ ವಿಭಾಗಕ್ಕೆ ವರ್ಗಾಯಿಸಿ. ವರ್ಗಾವಣೆಯ ನಮೂದು ಎಲ್ಲಿಯೂ ಇರಲಿಲ್ಲ.

ಇದು ನಾಸಿಕ್‌ನ ಕಂಪ್ಯೂಟರ್‌ನಲ್ಲಿ ಏಕೆ ಇರಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಘಟಕ ಮುಚ್ಚಿ ದತ್ತಾಂಶವನ್ನು ಹೊಸ ವ್ಯವಸ್ಥೆಗೆ ಸಾಗಿಸುವಾಗ, ಕೆಲಸ ಬಿಟ್ಟವರ ದಾಖಲೆ ಬೇಡ ಎಂಬ ಹಾಳೆ ಬಂದಿತ್ತು. ಪೂರ್ತಿ ಓದದೆ, ಹೊತ್ತಾಗಿದೆಯೆಂದು, ಕೆಳಗೆ ಸಹಿ ಹಾಕಿದವರು ಅವರೇ.

ಎರಡು ದಿನ ಅಲ್ಲೇ ಕೂತು ಸಾವಿರದ ನೂರ ನಲವತ್ತು ಕಾರ್ಮಿಕರ ದಾಖಲೆಗಳನ್ನು, ಯಾವ ತಂತ್ರಾಂಶ ಬದಲಾದರೂ ತೆರೆದು ಓದಬಹುದಾದ ಕಡತಗಳಾಗಿ ಹೊರತೆಗೆದರು. ಯಲ್ಲಾಲಿಂಗನ ಪ್ರತಿಯನ್ನು ಅವನಿಗೆ ಕೊಡಲು ಕಾರ್ಮಿಕ ವಿಭಾಗದ ಮಧುರಾ ಅವರಿಂದ ಲಿಖಿತ ಒಪ್ಪಿಗೆ ತರಿಸಿಕೊಂಡರು. ವೈಜನಾಥ ಹತ್ತಿರದ ರಾಂಜಣಗಾಂವ್‌ನಲ್ಲಿದ್ದ ಅವನ ಮನೆಯ ದಾರಿ ಹೇಳಿದ.

ಬಾಗಿಲು ತೆಗೆದವಳು ಹೆಂಡತಿ ಪಾರ್ವತಿಬಾಯಿ.

“ಯಲ್ಲಾಲಿಂಗ ಅವರು ಅದಾರೇನ್ರಿ?” ನೀಲಾಂಬಿಕಾ ಕನ್ನಡದಲ್ಲೇ ಕೇಳಿದರು.

ಪಾರ್ವತಿಬಾಯಿ ಒಂದು ಕ್ಷಣ ದಿಟ್ಟಿಸಿದಳು. “ಇಲ್ರಿ. ಹೋದ ವರ್ಷ ತೀರ್ಕೊಂಡ್ರು. ಪುಪ್ಪುಸದಾಗ ಕ್ಯಾನ್ಸರ್ ಗಡ್ಡಿ ಆಗಿತ್ತು. ನೀವು ನಮ್ಮ ಕಡೇವ್ರೇನ್ರಿ?”

“ಭಾಲ್ಕಿಯವಳ್ರಿ.”

“ನಮ್ದು ಆಳಂದ. ಒಳಗ ಬರ್ರಿ ಅಕ್ಕಾ.”

ಚಾಪೆಯ ಮೇಲೆ ಕೂತು ನೀಲಾಂಬಿಕಾ ಕಾಗದ ತೋರಿಸಿದರು, ವೈದ್ಯರು ಬರೆದದ್ದನ್ನು ಓದಿ, ಕ್ರೋಮಿನ ಆವಿ ಪುಪ್ಪುಸಕ್ಕೂ ಕೆಡುಕು ಎಂದು ಹೇಳಿದರು. ಸಹಿಯ ವಿಷಯವನ್ನೂ ಮುಚ್ಚಿಡಲಿಲ್ಲ. “ಅವರು ಕೇಳಲಿಕ್ಕೆ ಬಂದಾಗ ಇದು ಸಿಗಲಿಲ್ಲ. ಅದಕ್ಕ ನಾನೇ ಕಾರಣ ಆದೆನ್ರಿ.”

ಪಾರ್ವತಿಬಾಯಿ ಕಾಗದವನ್ನು ಮಡಿಲಲ್ಲಿಟ್ಟುಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ.

“ಬೀಡಿ ಸೇದಿದ್ದಕ್ಕ ಹಿಂಗಾತು, ನನ್ನದೇ ತಪ್ಪು ಅಂತ ಹೇಳ್ಕೋತ ಹೇಳ್ಕೋತನೇ ಹೋದ್ರು” ಎಂದಳು. “ಇದು ಅವರ ಕಣ್ಣಿಗೆ ಬೀಳಬೇಕಾಗಿತ್ತು.”

ಬೈಯುತ್ತಾಳೆ ಎಂದು ನೀಲಾಂಬಿಕಾ ಕಾದರು. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಮರುದಿನ ಅವಳನ್ನು ಕಾರ್ಮಿಕ ವಿಮಾ ಕಚೇರಿಗೆ ಕರೆದುಕೊಂಡು ಹೋಗಿ, ಪರಿಹಾರದ ಅರ್ಜಿಯ ಜೊತೆ ದಾಖಲೆ ಲಗತ್ತಿಸಿ ಕೊಡಿಸಿದರು. ವೈದ್ಯ ಮಂಡಳಿ ನೋಡಬೇಕು, ಸಮಯ ಹಿಡಿಯುತ್ತದೆ ಎಂದರು ಅಲ್ಲಿಯವರು.

ನಾಸಿಕ್‌ಗೆ ಮರಳಿ ಉತ್ಕರ್ಷನಿಗೆ ಎಲ್ಲ ಹೇಳಿದರು. ಅವನು ಕಾಗದ ಎಳೆದುಕೊಂಡು ಬರೆಯತೊಡಗಿದ. ಆಮೇಲೆ ಹೊಸ ನಿಯಮದ ಕರಡು ಮುಂದಿಟ್ಟ. ಏನನ್ನೇ ಅಳಿಸುವ ಮುನ್ನ ಲೆಕ್ಕ, ಕಾನೂನು, ಕಾರ್ಮಿಕ ವಿಭಾಗ ಮೂರೂ ಓದಿ ಸಹಿ ಹಾಕಬೇಕು. ಮುಚ್ಚಿದ ಘಟಕದ ದಾಖಲೆಗೂ ಹೊಣೆಗಾರರಿರಬೇಕು. ವೈದ್ಯರ ಸಲಹೆಯಿದ್ದೂ ವರ್ಗವಾಗದ ಉಳಿದವರ ಪಟ್ಟಿ ಮಧುರಾ ಅವರಿಗೆ ಹೋಯಿತು. ಹದಿನೇಳು ಹೆಸರು. ಅವರಿಗೆಲ್ಲ ಪತ್ರ ಬರೆಯುವುದು ಶುರುವಾಯಿತು.

“ಹೊಣೆಗಾರರ ಜಾಗದಲ್ಲಿ ನಿಮ್ಮ ಹೆಸರು ಹಾಕಲಾ ಮೇಡಂ?” ಉತ್ಕರ್ಷ ಕೇಳಿದ.

“ನನ್ನ ನಿವೃತ್ತಿಗೆ ಇನ್ನು ಮೂರೇ ವರ್ಷ. ಹೆಸರು ಬೇಡ, ಹುದ್ದೆ ಬರೀರಿ” ಎಂದರು.

ಆ ಭಾನುವಾರ ಅವರು ಪಾರ್ವತಿಬಾಯಿಗೆ ಫೋನ್ ಮಾಡಿದರು. ರಿಂಗಾಗಿ ನಿಂತಿತು. ಇನ್ನೊಂದು ಸಲ ಮಾಡಬೇಕೆನಿಸಿತು, ಧೈರ್ಯವಾಗಲಿಲ್ಲ. ಮಾರ್ಕೆಟ್ಟಿಗೆ ಹೋಗಿ ಒಬ್ಬರಿಗೆ ಸಾಕಾಗುವಷ್ಟು ಮೆಂತ್ಯೆ ಸೊಪ್ಪು ತಂದು, ಕಿಟಕಿಯ ಬಳಿ ಕೂತು ಬಿಡಿಸತೊಡಗಿದರು.