ಕಮಿಷನ್ ಕರಾರಿನ ಆರನೆಯ ಕಲಮು

೨೦೦೯ರ ಆಗಸ್ಟ್, ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಮಚ್ಛೆಯಲ್ಲಿ ನನ್ನ ತಂಗಿಯ ಮಗಳ ಮಸಾಲೆ ಘಟಕದ ಮುಂದಿನ ಕೋಣೆ. ಹಾಜರಿದ್ದವರು ನಾವಿಬ್ಬರೇ, ಆಕೆ ಮತ್ತು ನಾನು.

ಆಕೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ನಾನು ಆ ವಾರದ ಕಾಗದಗಳನ್ನು ಕಡತಕ್ಕೆ ಸೇರಿಸುತ್ತಿದ್ದೆ.

"ದೊಡ್ಡವ್ವ, ಖಾನಾಪುರದಾಕಿ ಮೇಲ್ ಬರದಾಳ."

"ಏನಂತ?"

"ನೀನ ಓದ್ಕೋ. ನನಗ ಬಾಯಿಲೆ ಹೇಳಾಕ ಆಗೂದಿಲ್ಲ."

ಎರಡೇ ಸಾಲು ಇತ್ತು. 'ಅಕ್ಕಾರ, ನಾ ಕಳ್ಳಿ ಹೌದೋ ಅಲ್ಲೋ ಅಂತ ಒಮ್ಮೆ ಮನಿಗೆ ಬಂದ್ ನೋಡಿ ಹೇಳ್ರಿ. ಇವತ್ತ ದಿನಾಪೂರ್ತಿ ಮನ್ಯಾಗ ಇರತೇನಿ.'

'ಕಳ್ಳಿ' ಎಂಬ ಮಾತನ್ನು ನಾನು ಬರೆದಿರಲಿಲ್ಲ. ನಾನು ಬರೆದದ್ದು 'ಆರನೆಯ ಕಲಮಿನ ದುರುಪಯೋಗ' ಎಂದು. ಎರಡಕ್ಕೂ ವ್ಯತ್ಯಾಸವಿದೆ ಎಂದೇ ಆ ಕ್ಷಣದವರೆಗೆ ನಂಬಿದ್ದೆ.

ಇದರ ಹಿಂದಿನದನ್ನು ಹೇಳಬೇಕು. ಕ್ಯಾಂಪಿನ, ಅಂದರೆ ದಂಡುಪ್ರದೇಶದ, ಒಂದು ಕಚೇರಿಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ಮುಖ್ಯ ಗುಮಾಸ್ತೆಯಾಗಿ ನಿವೃತ್ತಳಾದವಳು ನಾನು. ಬಂದ ಕಾಗದಕ್ಕೆ ನಂಬರು, ಹೋದ ಕಾಗದಕ್ಕೆ ಪ್ರತಿ, ಸಂಜೆ ಐದಕ್ಕೆ ಮೇಜು ಖಾಲಿ. ತಂಗಿಯ ಮಗಳು ಅಂಗಡಿ ಇಲ್ಲದೆ, ಬರೀ ವೆಬ್‌ಸೈಟಿನಲ್ಲಿ ಮಸಾಲಿ ಖಾರ, ಚಟ್ನಿ ಪುಡಿ ಮಾರಲು ಶುರು ಮಾಡಿದಾಗ ನನ್ನನ್ನು ಕರೆದಳು. ಅಡುಗೆಯ ಬ್ಲಾಗ್ ಬರೆಯುವವರು ತಮ್ಮ ಬರಹದೊಳಗೆ ನಮ್ಮ ಸೈಟಿನ ಲಿಂಕ್ ಹಾಕುವುದು, ಆ ಲಿಂಕ್ ಒತ್ತಿ ಬಂದವರು ಕೊಂಡರೆ ಬರೆದವರಿಗೆ ಕಮಿಷನ್ ಕೊಡುವುದು, ಇದು ಆಕೆಯ ಯೋಜನೆ. "ನೀ ಕಾಗದಾ ಬರದ ಕೈ. ಕರಾರು ನೀನ ಬರಿ," ಎಂದಳು.

ನಾನು ಬರೆದೆ. ಒಬ್ಬೊಬ್ಬ ಬ್ಲಾಗರಿಗೂ ಬೇರೆ ನಂಬರಿನ ಲಿಂಕ್. ಯಾರಾದರೂ ಅದನ್ನು ಒತ್ತಿದರೆ ಅವರ ಕಂಪ್ಯೂಟರಿನಲ್ಲಿ ಒಂದು ಗುರುತು ಉಳಿಯುತ್ತದೆ. ಮೂವತ್ತು ದಿನದೊಳಗೆ ಕೊಂಡರೆ ಆ ಆರ್ಡರ್ ಆ ಬ್ಲಾಗರಿನ ಲೆಕ್ಕಕ್ಕೆ. ಎರಡು ಲಿಂಕ್ ಒತ್ತಿದ್ದರೆ ಕೊನೆಯದು ಊರ್ಜಿತ. ಟಪಾಲು ಖರ್ಚು ಬಿಟ್ಟು ಸರಕಿನ ಬೆಲೆಯ ಮೇಲೆ ನೂರಕ್ಕೆ ಹತ್ತು. ವಾಪಸು ಬಂದ ಸರಕಿಗೆ ಇಲ್ಲ. ಇದು ಕಮಿಷನ್ ಬರುವ ಲಿಂಕ್ ಎಂದು ಓದುಗರಿಗೆ ಬ್ಲಾಗಿನಲ್ಲೇ ತಿಳಿಸಬೇಕು. ಆರನೆಯದು ಇದು: 'ಬ್ಲಾಗರ್ ತನ್ನ ಸ್ವಂತ ಉಪಯೋಗಕ್ಕಾಗಿ ಕೊಂಡ ಸರಕಿಗೆ ಕಮಿಷನ್ ಇರುವುದಿಲ್ಲ.' ಆ ಕಲಮಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಅದಿಲ್ಲದಿದ್ದರೆ ಯಾರು ಬೇಕಾದರೂ ಬ್ಲಾಗರ್ ಎಂದು ಹೆಸರು ಬರೆಸಿ, ತಮ್ಮದೇ ಲಿಂಕಿನಿಂದ ನೂರಕ್ಕೆ ಹತ್ತು ಕಡಿಮೆಗೆ ಮಸಾಲೆ ಒಯ್ಯಬಹುದಿತ್ತು.

ಹನ್ನೊಂದು ಮಂದಿ ಸೇರಿದರು. ಖಾನಾಪುರದಾಕೆ ಅವರಲ್ಲಿ ಒಬ್ಬಳು. ಕನ್ನಡ, ಮರಾಠಿ ಎರಡರಲ್ಲೂ ಬರೆಯುವವಳು, ಮದುವೆಯಾಗಿ ಆ ಊರಿಗೆ ಬಂದು ಹದಿನೈದು ವರ್ಷ. ಜುಲೈ ತಿಂಗಳ ಆರ್ಡರುಗಳನ್ನು ನೋಡುವಾಗ ಆಕೆಯ ಲಿಂಕಿನಿಂದ ಬಂದ ಏಳು ಆರ್ಡರ್ ಆಕೆಯದೇ ಮನೆಯ ವಿಳಾಸಕ್ಕೆ ಹೋಗಿದ್ದು ಕಂಡಿತು. ದುಡ್ಡು ಕಟ್ಟಿದ ಕಾರ್ಡೂ ಆಕೆಯದೇ. ನಾನು ಆಕೆಗೆ ಫೋನು ಮಾಡಲಿಲ್ಲ. ತಂಗಿಯ ಮಗಳು ಸರಕು ತರಲು ಬ್ಯಾಡಗಿಗೆ ಹೋಗಿದ್ದಳು, ಆಕೆಯನ್ನೂ ಕೇಳಲಿಲ್ಲ. ಬುಧವಾರ ಹನ್ನೊಂದು ಗಂಟೆಗೆ ಮೇಲ್ ಬರೆದೆ: ದುರುಪಯೋಗ ಕಂಡುಬಂದಿದೆ, ಏಳೂ ಆರ್ಡರುಗಳ ಕಮಿಷನ್ ರದ್ದು. ಕೆಳಗೆ, ಮೂವತ್ತೆರಡು ವರ್ಷದ ರೂಢಿಯಂತೆ, 'ಪ್ರತಿಯನ್ನು ಎಲ್ಲ ಬ್ಲಾಗರ್‌ಗಳ ಮಾಹಿತಿಗಾಗಿ ರವಾನಿಸಿದೆ' ಎಂದು ಸೇರಿಸಿದೆ. ಕಚೇರಿಯಲ್ಲಿ ಒಬ್ಬರಿಗೆ ಕೊಟ್ಟ ಜ್ಞಾಪನದ ಪ್ರತಿ ಉಳಿದ ವಿಭಾಗಗಳಿಗೂ ಹೋಗುತ್ತಿತ್ತು. ಹಾಗೆಯೇ ಕಳಿಸಿದೆ. ಹನ್ನೊಂದು ಮಂದಿಗೂ.

ಆ ಶನಿವಾರ ಹತ್ತೂಕಾಲಿಗೆ ಮಚ್ಛೆಯ ರಸ್ತೆಯಲ್ಲಿ ಖಾನಾಪುರದ ಬಸ್ ಹತ್ತಿದೆವು. ಸಣ್ಣ ಮಳೆ. ಹೋಗುವಾಗ ನನ್ನ ಚೀಲದಲ್ಲಿ ಕರಾರಿನ ಪ್ರತಿ, ಏಳು ಆರ್ಡರುಗಳ ಪಟ್ಟಿ ಇದ್ದವು. ತಪಾಸಣೆಗೆ ಹೋಗುವವಳ ಹಾಗೆ ಹೋದೆ. ಅದನ್ನು ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

"ಬರ್ರಿ, ಕುಂದರ್ರಿ," ಎಂದಳು ಬಾಗಿಲಲ್ಲಿ ನಿಂತಿದ್ದ ಬ್ಲಾಗಿನಾಕೆ. ನಲವತ್ತರ ಆಸುಪಾಸು, ತೆಳ್ಳನೆಯ ಹೆಂಗಸು. ಸಿಟ್ಟು ಕಾಣಲಿಲ್ಲ. ಚಹಾ ಇಟ್ಟಳು. ನಾನು ಪಟ್ಟಿಯನ್ನು ಹೊರಗೆ ತೆಗೆದೆ.

ಅಷ್ಟರಲ್ಲಿ ಛತ್ರಿ ಮಡಚುತ್ತ ಒಬ್ಬ ಅಜ್ಜಿ ಒಳಗೆ ಬಂದಳು. ಪಾರಿಶ್ವಾಡದಿಂದ ಬೆಳಗಿನ ಬಸ್ಸಿಗೆ ಬಂದವಳು.

"ವೈನಿ, ನಮ್ಮ ಮಸಾಲಿ ಬಂತೇನ?"

"ಬಂದೈತಿ. ಮಾಡದಾಗ ಎರಡ ಪಾಕೀಟ ಅದಾವ್, ತಗೋರಿ."

ಅಜ್ಜಿ ಗೋಡೆಯ ಗೂಡಿನಿಂದ ಪಾಕೀಟು ತೆಗೆದು, ಮೂಸಿ ನೋಡಿ, ನಮ್ಮ ಕಡೆ ತಿರುಗಿದಳು. "ಇವರೂ ಮಸಾಲಿ ಒಯ್ಯಾಕ ಬಂದಾರ? ಬಾಯಾರ, ಮದಲ ರೊಕ್ಕಾ ಕೊಡ್ರಿ. ಈಕಿ ಕಾರ್ಡ ತಿಕ್ಕಿ ತರಸತಾಳ. ನಮ್ಮ ಹಂತ್ಯಾಕ ಎಲ್ಲಿ ಕಾರ್ಡ? ನಮ್ಮ ಹಂತ್ಯಾಕ ಇರೂದು ಒಂದ ರೇಶನ್ ಕಾರ್ಡ."

ತಂಗಿಯ ಮಗಳು ನಕ್ಕಳು. ನಾನು ನಗಲಿಲ್ಲ.

"ಎಷ್ಟ ಮಂದಿ ತರಿಸ್ಕೋತೀರಿ?" ಎಂದೆ.

"ಈ ಓಣ್ಯಾಗ ಆರ ಮನಿ, ಮ್ಯಾಲ ನಾ. ಈಕಿ ಉಸಳಿ ಮಾಡಿ ತಿನ್ನಿಸಿದ್ಲು, ಬಾಯಿ ಕೆಡಿಸಿದ್ಲು. ನಮಗ ಹೇಳ್ಯಾಳಪಾ, ನನಗೂ ಕಮಿಷನ್ ಸಿಗತೈತಿ ಅಂತ. ಸಿಗಲಿ ಅಂದ್ವಿ. ಪುಕಟ ಯಾಕ್ ಮಾಡ್ಬೇಕ್ ಆಕಿ?"

ಆರು ಮನೆ, ಮೇಲೆ ಈ ಅಜ್ಜಿ. ಏಳು. ನಾನು ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿದೆ. ಅಜ್ಜಿ ಚಹಾ ಕುಡಿದು, ದುಡ್ಡು ಕೊಟ್ಟು, ಛತ್ರಿ ಹಿಡಿದು ಹೊರಟಳು.

"ನೀವು ಮೊದಲೇ ಒಂದು ಮಾತು ಕೇಳಬಹುದಿತ್ತಲ್ಲ," ಎಂದೆ ನಾನು. ಅಷ್ಟಾದ ಮೇಲೂ.

ಆಕೆ ಎದ್ದು ಕಂಪ್ಯೂಟರ್ ತಿರುಗಿಸಿದಳು. "ಕೇಳೀನ್ರಿ ಅಕ್ಕಾರ. ನೋಡ್ರಿ."

ಜೂನ್ ತಿಂಗಳ ಮೇಲ್. 'ನಮ್ಮ ಓಣ್ಯಾಗ ಭಾಳ ಮಂದಿ ಹಂತ್ಯಾಕ ಕಾರ್ಡ ಇಲ್ಲ. ಅವರ ಸಲುವಾಗಿ ನನ್ನ ಕಾರ್ಡಿನ ಮ್ಯಾಲ ತರಿಸಿದ್ರ ನಡೀತದೇನ್ರಿ?' ಅದರ ಕೆಳಗೆ ನನ್ನ ಉತ್ತರ, ಒಂದೇ ಸಾಲು: 'ದಯವಿಟ್ಟು ಕರಾರಿನ ಆರನೆಯ ಕಲಮನ್ನು ನೋಡಿರಿ.'

ನೆನಪಾಯಿತು. ಅಂದು ಇಪ್ಪತ್ತು ಮೇಲ್ ಇದ್ದವು. ಐದು ಗಂಟೆಗೆ ಮೇಜು ಖಾಲಿಯಾಗಬೇಕಿತ್ತು. ಪ್ರಶ್ನೆಯನ್ನು ಪೂರ್ತಿ ಓದದೆ ಕಲಮಿನ ನಂಬರು ಬರೆದು ಕಳಿಸಿದ್ದೆ.

"ನೋಡಿದ್ನಿರಿ," ಎಂದಳು ಆಕೆ. "ಸ್ವಂತ ಉಪಯೋಗ ಅಂತ ಇತ್ತು. ಇದು ನನ್ನ ಉಪಯೋಗಲ್ಲ. ಅಂದಮ್ಯಾಲ ನಡೀತದ ಅಂತ ತಿಳಕೊಂಡೆ. ವಿಳಾಸದ ಮಾತ ಅದರಾಗ ಎಲ್ಲಿ ಐತ್ರಿ?"

ಇರಲಿಲ್ಲ. 'ಉಪಯೋಗ' ಎಂದು ಬರೆದವಳು ನಾನು. ತೀರ್ಪು ಕೊಡುವಾಗ ವಿಳಾಸವನ್ನು ಅಳತೆಗೋಲು ಮಾಡಿಕೊಂಡವಳೂ ನಾನು. ತಂಗಿಯ ಮಗಳು ಮೇಲ್ ಓದಿ ನನ್ನ ಮುಖ ನೋಡಿದಳು. ಚಿಕ್ಕಂದಿನಿಂದ ಆಕೆಗೆ ಅಕ್ಷರ ತಿದ್ದಿಸಿದ್ದೇನೆ. ಹಾಗೆ ಆಕೆ ಎಂದೂ ನನ್ನನ್ನು ನೋಡಿರಲಿಲ್ಲ.

"ಕಮಿಷನ್ ಹಾಕಿ ಕೊಡತೇವ್ರಿ, ಇವತ್ತ," ಎಂದು ಆಕೆ ಬ್ಲಾಗಿನಾಕೆಗೆ ಹೇಳಿದಳು.

"ಅದು ಇರ್ಲಿ ಬಿಡ್ರಿ. ಆ ಹತ್ತ ಮಂದಿಗೆ ಏನ್ ಹೇಳ್ತೀರಿ? ಧಾರವಾಡದಾಕಿ ದಿನಾ ನನ್ನ ಬ್ಲಾಗಿನ್ಯಾಗ ಏನರೆ ಬರೀತಿದ್ಲು. ಬುಧವಾರದಿಂದ ಸುಮ್ಮಾಗ್ಯಾಳ. ಇನ್ನೊಬ್ಬಾಕಿ ಮೇಲ್ ಮಾಡಿ, ಖರೇ ಏನ ಅಂತ ಕೇಳಿದ್ಲು. ನಾ ಏನ್ ಹೇಳ್ಲಿ? ಅಡಿಗಿ ಬರೀತೇನಿ, ಮಂದಿ ನಂಬಿ ಮಾಡ್ತಾರ. ಕಳ್ಳಿ ಬರದದ್ದನ್ನ ಯಾರ ಮಾಡ್ತಾರ್ರಿ?"

ನಾನು ಹೇಳಿದ್ದನ್ನು ಮುಚ್ಚಿಡುವುದಿಲ್ಲ. "ನಿಮಗೊಂದು ಕ್ಷಮಾಪಣೆಯ ಪತ್ರ ಕೊಡುತ್ತೇನೆ. ಎಲ್ಲರಿಗೂ ಬರೆದರೆ ವಿಷಯ ಮತ್ತೆ ದೊಡ್ಡದಾಗುತ್ತದೆ," ಎಂದೆ.

"ದೊಡ್ಡವ್ವ," ಎಂದಳು ತಂಗಿಯ ಮಗಳು, ಮೆಲ್ಲಗೆ. "ಬೈದದ್ದು ಹನ್ನೊಂದ ಮಂದಿ ಮುಂದ. ತಪ್ಪಾತು ಅನ್ನೂದು ಒಬ್ಬಾಕಿ ಕಿವ್ಯಾಗನ?"

ಬ್ಲಾಗಿನಾಕೆಯ ಕುರ್ಚಿಯಲ್ಲಿ ಕೂತು ಬರೆಯತೊಡಗಿದೆ. 'ಖಾನಾಪುರದ ಬ್ಲಾಗರ್ ವಿಷಯದಲ್ಲಿ ತಪ್ಪು ತಿಳುವಳಿಕೆ ಉಂಟಾಗಿರುತ್ತದೆ.' ಬೆನ್ನ ಹಿಂದೆ ನಿಂತು ಆಕೆ ಓದಿದಳು.

"ಯಾರಿಗೆ ಉಂಟಾತ್ರಿ?"

ಅಳಿಸಿದೆ. ಕಚೇರಿಯಲ್ಲಿ ನಾನು ಬರೆದ ಸಾವಿರಾರು ಕಾಗದಗಳಲ್ಲಿ 'ನಾನು' ಎಂಬ ಮಾತು ಬಂದದ್ದು ರಜೆಯ ಅರ್ಜಿಗಳಲ್ಲಿ ಮಾತ್ರ. ಕೊನೆಗೆ ಬರೆದದ್ದು ಇಷ್ಟು: 'ಬುಧವಾರದ ನನ್ನ ಮೇಲ್ ತಪ್ಪು. ಕಾರ್ಡ್ ಇಲ್ಲದ ನೆರೆಯವರಿಗಾಗಿ ತರಿಸಬಹುದೇ ಎಂದು ಇವರು ಜೂನ್‌ನಲ್ಲೇ ಕೇಳಿದ್ದರು. ನಾನು ಪ್ರಶ್ನೆಯನ್ನು ಸರಿಯಾಗಿ ಓದಲಿಲ್ಲ. ಇವರು ಕರಾರಿನಂತೆಯೇ ನಡೆದಿದ್ದಾರೆ. ಕರಾರನ್ನು ಮೀರಿದವಳು ನಾನು.'

"ಈಗ ಆರನೇದ್ದನ್ನ ತಿದ್ದೂಣು," ಎಂದಳು ತಂಗಿಯ ಮಗಳು.

ಮೂವರೂ ಸೇರಿ ತಿದ್ದಿದೆವು. ತನ್ನ ಮನೆಯ ಬಳಕೆಗೆ ತರಿಸಿಕೊಂಡದ್ದಕ್ಕೆ ಕಮಿಷನ್ ಇಲ್ಲ ಎಂಬುದು ಉಳಿಯಿತು. ಬೇರೆಯವರಿಗಾಗಿ ತನ್ನ ವಿಳಾಸಕ್ಕೆ ತರಿಸಿದರೆ ಕಮಿಷನ್ ಉಂಟು. ಯಾವ ಮನೆಗೆ ಎಂದು ಆರ್ಡರಿನ ಟಿಪ್ಪಣಿಯಲ್ಲಿ ಬರೆಯಬೇಕು ಎಂದು ಸೇರಿತು. ಅಷ್ಟು ಸಾಕೆಂದೆ ನಾನು.

"ಇನ್ನೊಂದ ಐತ್ರಿ," ಎಂದಳು ಬ್ಲಾಗಿನಾಕೆ. ಆಕೆ ಹೇಳುತ್ತ ಹೋದಂತೆ ಬರೆದೆ: 'ಸಂಶಯ ಬಂದಲ್ಲಿ ಅಂಗಡಿಯವರು ಮೊದಲು ಬ್ಲಾಗರನ್ನೇ ಕೇಳತಕ್ಕದ್ದು. ಉತ್ತರ ಬರುವ ಮೊದಲು ಕಮಿಷನ್ ರದ್ದು ಮಾಡುವಂತಿಲ್ಲ. ಬೇರೆ ಬ್ಲಾಗರ್‌ಗಳಿಗೆ ತಿಳಿಸುವಂತಿಲ್ಲ.' ಹತ್ತಾರು ದಿನ ಕೂತು ಕರಾರು ಬರೆದವಳಿಗೆ ಹೊಳೆಯದ ಮೂರು ವಾಕ್ಯ. ನಾನು ಒಂದಕ್ಷರವನ್ನೂ ತಿದ್ದಲಿಲ್ಲ.

ಮೇಲ್ ಹೋಯಿತು. ಹನ್ನೊಂದೂ ವಿಳಾಸಗಳನ್ನು ಆಕೆಯೇ ಒಂದೊಂದಾಗಿ ನೋಡಿದ ಮೇಲೆ ಗುಂಡಿ ಒತ್ತಿದೆ. ಆಕೆ ನಮ್ಮನ್ನು ಊಟಕ್ಕೆ ಎಬ್ಬಿಸಿದಳು. ಬೇಡವೆನ್ನಲು ನನಗೆ ಮುಖವಿರಲಿಲ್ಲ, ಉಣ್ಣಲೂ ಇರಲಿಲ್ಲ. ಎರಡು ರೊಟ್ಟಿ ಉಂಡೆ.

ಹೊರಡುವಾಗ ಆಕೆ ತಂಗಿಯ ಮಗಳಿಗೆ ಹೇಳಿದಳು: "ನನ್ನ ಲಿಂಕ್ ಸದ್ಯಕ್ಕ ತಗದ ಬಿಡ್ರಿ. ಮಸಾಲಿ ತರಿಸೂದು ಬಿಡೂದಿಲ್ಲ, ಓಣ್ಯಾಗಿನವರು ಬಿಡೂದಿಲ್ಲ. ಆದ್ರ ಆ ನಂಬರ ನೋಡಿದ್ರ ನನಗ ಬುಧವಾರ ನೆನಪಾಕ್ಕೈತಿ."

"ಸಿಟ್ಟ ಹೋಗ್ಲಿಲ್ಲೇನ್ರಿ?" ಎಂದಳು ತಂಗಿಯ ಮಗಳು.

"ಸಿಟ್ಟಲ್ರಿ. ಅಕ್ಕಾರ ಬರದಾರ, ಖರೇ ಬರದಾರ. ಸ್ವಲ್ಪ ದಿನಾ ಹೋಗ್ಲಿ."

ಏನೋ ಹೇಳಬೇಕೆನಿಸಿತು. ಕರಾರಿನ ಭಾಷೆಯಲ್ಲಿ ಮಾತ್ರ ಮಾತು ಬಂತು. ಕೈ ಮುಗಿದು ಹೊರಟೆ.

ನಾಲ್ಕೂಮುಕ್ಕಾಲಿಗೆ ಮಚ್ಛೆಗೆ ಬಂದೆವು. ಏಳು ಆರ್ಡರುಗಳ ಕಮಿಷನ್ ಮತ್ತೆ ಆಕೆಯ ಹೆಸರಿಗೆ ಸೇರಿತು. ಅದನ್ನು ತಂಗಿಯ ಮಗಳು ಮಾಡಿದಳು. ಹೊಸ ಆರನೆಯ ಕಲಮನ್ನು ನಾನು ಸೈಟಿಗೆ ಏರಿಸಿದೆ, ಹಳೆಯದನ್ನು ತೆಗೆದೆ. ಧಾರವಾಡದಾಕೆಯಿಂದ ಉತ್ತರ ಬಂದಿತ್ತು. 'ತಿಳಿಸಿದ್ದು ಒಳ್ಳೆಯದಾಯಿತು. ನಾನು ಅವರಿಗೆ ಈಗಲೇ ಬರೆಯುತ್ತೇನೆ.' ಅದನ್ನು ಎರಡು ಸಲ ಓದಿದೆ.

ಉಳಿದದ್ದು ಒಂದೇ ಕೆಲಸ. "ನಾ ಮಾಡ್ಲೇನ?" ಎಂದು ತಂಗಿಯ ಮಗಳು ಕೇಳಿದಳು. ಬೇಡ ಎಂದೆ. ಬ್ಲಾಗರ್‌ಗಳ ಪಟ್ಟಿ ತೆರೆದು, ಖಾನಾಪುರದ ನಂಬರನ್ನು ಹುಡುಕಿ, ಎದುರಿನ ಕಾರಣದ ಅಂಕಣದಲ್ಲಿ 'ಅವರ ಇಚ್ಛೆಯಂತೆ. ನನ್ನ ತಪ್ಪಿನಿಂದ' ಎಂದು ಬರೆದು, ಲಿಂಕ್ ನಿಲ್ಲಿಸಿದೆ. ಗಂಟೆ ಆರೂ ಹತ್ತು.